ಅತಿಥಿ ಪರಿಚಯದಲ್ಲಿ ಮುಚ್ಚಿಹೋದ ವೆನಿಲಾ ಕಂಪನಿ: ಹೇಳಬೇಕೇ, ಬಿಡಬೇಕೇ?

ಪೆರ್ಲದ ಓದುಗ

ನಮ್ಮ ವಾಚನಾಲಯದಲ್ಲಿ ಬರುವ ತಿಂಗಳ ಮೂರನೆಯ ಭಾನುವಾರ ಹಲಸಿನ ಮೌಲ್ಯವರ್ಧನೆಯ ಬಗ್ಗೆ ಒಂದು ಮಾತುಕತೆ ಇದೆ. ಅತಿಥಿಯನ್ನು ಪರಿಚಯಿಸುವ ಕೆಲಸ ನನ್ನ ತಲೆಗೆ ಬಂದಿದೆ. ಎರಡು ನಿಮಿಷಕ್ಕಿಂತ ಹೆಚ್ಚು ಬೇಡ ಎಂದು ಅಧ್ಯಕ್ಷರು ಹೇಳಿದ್ದಾರೆ.

ಅತಿಥಿ ನಮ್ಮ ಸೀಮೆಯವರೇ, ವಯಸ್ಸು ಅರುವತ್ತು ದಾಟಿದೆ. ಈಗ ಹಲಸಿನ ಹಪ್ಪಳ, ಚಿಪ್ಸ್, ಒಣಗಿಸಿದ ತೊಳೆ ಮಾಡುವ ಘಟಕ ನಡೆಸುತ್ತಿದ್ದಾರೆ. ಅದು ಚೆನ್ನಾಗಿಯೇ ನಡೆಯುತ್ತಿದೆ. ಆದರೆ 2003ರಲ್ಲಿ ಇವರೇ ಮುಂದೆ ನಿಂತು ನಲವತ್ತು ಕೃಷಿಕರಿಂದ ತಲಾ ಐದು ಸಾವಿರ ರೂಪಾಯಿ ಪಾಲು ಪಡೆದು ವೆನಿಲಾ ಸಂಸ್ಕರಣೆಯ ಕಂಪನಿಯೊಂದನ್ನು ಕಟ್ಟಿದ್ದರು. 2006ರಲ್ಲಿ ಅದು ಮುಚ್ಚಿತು. ಪಾಲಿನ ಹಣ ಯಾರಿಗೂ ಪೂರ್ತಿ ಮರಳಲಿಲ್ಲ. ಆ ನಲವತ್ತು ಜನರಲ್ಲಿ ಹತ್ತು ಹನ್ನೆರಡು ಮಂದಿ ಅಂದು ಸಭೆಯಲ್ಲಿ ಇರುತ್ತಾರೆ. ನನ್ನ ದೊಡ್ಡಪ್ಪನೂ ಅವರಲ್ಲೊಬ್ಬರು.

ಇನ್ನೊಂದು ವಿಷಯವೂ ಇದೆ. ಇವರು ಒಂದು ಸಹಕಾರಿ ಸಂಘದ ನಿರ್ದೇಶಕರಾಗಿದ್ದಾಗ ಲೆಕ್ಕಪತ್ರದ ಬಗ್ಗೆ ದೂರು ಬಂದಿತ್ತು, ಪತ್ರಿಕೆಯಲ್ಲೂ ಬಂದಿತ್ತು. ವಿಚಾರಣೆಯಲ್ಲಿ ಏನೂ ಸಿಗಲಿಲ್ಲ.

ಅವರು ಕಳುಹಿಸಿದ ಎರಡು ಪುಟದ ಸ್ವವಿವರದಲ್ಲಿ ಈ ಎರಡೂ ಇಲ್ಲ. "ಕೃಷಿ ಉದ್ಯಮದಲ್ಲಿ ಎರಡು ದಶಕಗಳ ಯಶಸ್ವಿ ಅನುಭವ" ಎಂಬ ಸಾಲು ಮಾತ್ರ ಇದೆ. ಇದನ್ನು ದೊಡ್ಡಪ್ಪನ ಎದುರು ಮೈಕಿನಲ್ಲಿ ಓದಲು ನನ್ನಿಂದ ಸಾಧ್ಯವಿಲ್ಲ. ಹಾಗೆಂದು ಮನೆಗೆ ಕರೆದ ಅತಿಥಿಯ ಹಳೆಯ ನಷ್ಟವನ್ನು ವೇದಿಕೆಯಲ್ಲಿ ಎತ್ತುವುದೂ ಸರಿ ಕಾಣುವುದಿಲ್ಲ. ಅನುಭವಸ್ಥರು ದಾರಿ ಹೇಳಿ.

ಕುಂಬಳೆಯ ನಿವೃತ್ತ ಶಿಕ್ಷಕ

ಇದರಲ್ಲಿ ಯೋಚಿಸುವುದಕ್ಕೆ ಏನಿದೆ? ಅತಿಥಿ ಕೊಟ್ಟ ವಿವರವನ್ನು ಹಾಗೆಯೇ ಓದಿ. ಅದರ ಸತ್ಯಾಸತ್ಯಕ್ಕೆ ಅವರೇ ಹೊಣೆ. ಪರಿಚಯಿಸುವವನು ತನಿಖಾಧಿಕಾರಿಯಲ್ಲ. ಮೂವತ್ತು ವರ್ಷ ಶಾಲಾ ವಾರ್ಷಿಕೋತ್ಸವಗಳಲ್ಲಿ ನಾನು ಮಾಡಿದ್ದು ಇಷ್ಟೇ.

ನೀರ್ಚಾಲಿನ ಅಕ್ಕ

ಮಾಸ್ಟರೇ, ತನಿಖೆ ನಮ್ಮ ಕೆಲಸವಲ್ಲ ಎಂಬುದು ಸರಿ. ಆದರೆ ಮೈಕಿನಲ್ಲಿ ಓದಿದ ಮಾತು ಓದಿದವನ ಮಾತಾಗುತ್ತದೆ. "ಅತಿಥಿಗಳು ಬರೆದುಕೊಟ್ಟಂತೆ" ಎಂದು ಯಾರೂ ಸೇರಿಸಿ ಓದುವುದಿಲ್ಲ. "ಯಶಸ್ವಿ" ಎಂಬ ಪದ ಈ ಹುಡುಗನ ಬಾಯಿಂದ ಬಂದರೆ ದೊಡ್ಡಪ್ಪ ಕೇಳುವುದು ಈ ಹುಡುಗನನ್ನೇ.

ಪೆರ್ಲದ ತಮ್ಮ, ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಸಭೆಗಳಲ್ಲಿ ಪರಿಚಯ ಮಾಡುತ್ತಾ ಬಂದಿದ್ದೇನೆ. ನಾನು ಮೊದಲು ನೋಡುವುದು ಅತಿಥಿ ಅಂದು ಏನು ಮಾತನಾಡಲಿದ್ದಾರೆ ಎಂಬುದನ್ನು. ಇವರು ಯಕ್ಷಗಾನದ ಬಗ್ಗೆ ಮಾತನಾಡಲು ಬರುತ್ತಿದ್ದರೆ ವೆನಿಲಾ ಕಂಪನಿಯನ್ನು ಪೂರ್ತಿ ಬಿಡಬಹುದಿತ್ತು, ಯಾರಿಗೂ ಮೋಸವಾಗುತ್ತಿರಲಿಲ್ಲ. ಆದರೆ ಇವರು ಬರುತ್ತಿರುವುದು ಒಂದು ಬೆಳೆಯನ್ನು ಸಂಸ್ಕರಿಸಿ ಮಾರುವ ಬಗ್ಗೆ ಕೃಷಿಕರಿಗೆ ಹೇಳಲು. 2003ರಲ್ಲೂ ಇವರು ಮಾಡಿದ್ದು ಅದನ್ನೇ. ಕೇಳುವವರು ಇವರ ಮಾತನ್ನು ನಂಬಿ ನಾಳೆ ಹಣ ಹಾಕಬಹುದು. ಹಾಗಿರುವಾಗ ಹಿಂದಿನ ಪ್ರಯತ್ನ ಇವರ ಅರ್ಹತೆಯ ಭಾಗವೇ ಆಗುತ್ತದೆ.

ಎರಡನೆಯದು, ಬಿಡುವುದು ಬೇರೆ, ಮುಚ್ಚುವುದು ಬೇರೆ. ಎರಡು ನಿಮಿಷದಲ್ಲಿ ಒಬ್ಬರ ಬದುಕಿನ ನೂರರಲ್ಲಿ ತೊಂಬತ್ತೈದು ಬಿಟ್ಟೇಹೋಗುತ್ತದೆ, ಅದರಲ್ಲಿ ತಪ್ಪಿಲ್ಲ. ಬಿಟ್ಟ ಜಾಗದ ಮೇಲೆ "ಯಶಸ್ವಿ", "ನಿರಂತರ", "ಎರಡು ದಶಕಗಳ" ಎಂಬಂಥ ಪದವನ್ನು ಹಾಸಿದಾಗ ಅದು ಸುಳ್ಳಾಗುತ್ತದೆ. ಸ್ವವಿವರ ಕೈಗೆ ಬಂದ ಕೂಡಲೇ ನಾನು ಪೆನ್ಸಿಲಿನಲ್ಲಿ ಇಂತಹ ಪದಗಳ ಕೆಳಗೆ ಗೆರೆ ಎಳೆಯುತ್ತೇನೆ. ಆಮೇಲೆ ಇಸವಿಗಳನ್ನು ಸಾಲಾಗಿ ಬರೆದು ನೋಡುತ್ತೇನೆ. ಎಲ್ಲಿ ಮೂರು ನಾಲ್ಕು ವರ್ಷ ಕಾಣೆಯಾಗಿದೆಯೋ ಅಲ್ಲಿ ಏನೋ ಇರುತ್ತದೆ. ಅನಾರೋಗ್ಯ, ಮನೆಯ ಕಷ್ಟ, ಅಥವಾ ಇಂತಹ ನಷ್ಟ. ಅನಾರೋಗ್ಯವಾಗಿದ್ದರೆ ಅಲ್ಲಿಗೆ ಕೈ ಹಾಕುವುದಿಲ್ಲ.

ಮಂಜೇಶ್ವರದ ಯುವಕ

ನಲವತ್ತು ಜನರ ಹಣ ಮುಳುಗಿಸಿದವರನ್ನು ಅತಿಥಿಯಾಗಿ ಕರೆಯುವುದೇ ಏಕೆ? ಹಲಸಿನ ಬಗ್ಗೆ ಮಾತನಾಡಲು ಬೇರೆ ಜನ ಇಲ್ಲವೇ?

ಪೆರ್ಲದ ಓದುಗ

ಕರೆಯಬೇಕೇ ಎಂಬುದು ನನ್ನ ಪ್ರಶ್ನೆಯಾಗಿರಲಿಲ್ಲ. ಸಮಿತಿ ಕೂತು ತೀರ್ಮಾನಿಸಿ ಆಗಿದೆ, ಆ ಸಭೆಯಲ್ಲಿ ದೊಡ್ಡಪ್ಪನೂ ಒಪ್ಪಿದ್ದರು. ಹಣ ಮುಳುಗಿಸಿದರು ಎನ್ನುವುದೂ ನ್ಯಾಯವಲ್ಲ. ಮುಳುಗಿದ್ದರಲ್ಲಿ ಅವರ ಸ್ವಂತ ಹಣವೇ ಹೆಚ್ಚು.

ಬದಿಯಡ್ಕದ ಕೃಷಿಕ

ನಾನು ಆ ನಲವತ್ತರಲ್ಲಿ ಇರಲಿಲ್ಲ. ಆದರೆ ಅದೇ ವರ್ಷಗಳಲ್ಲಿ ವೆನಿಲಾ ಹಾಕಿದವನು, ಆದ್ದರಿಂದ ಆಗ ಏನಾಯಿತು ಎಂದು ಇಲ್ಲಿನ ಕಿರಿಯರಿಗೆ ಹೇಳಬೇಕು ಅನ್ನಿಸಿತು.

2000ದ ಏಪ್ರಿಲಿನಲ್ಲಿ ಮಡಗಾಸ್ಕರಿಗೆ ದೊಡ್ಡ ಚಂಡಮಾರುತ ಬಡಿಯಿತು. ಜಗತ್ತಿನ ವೆನಿಲಾದ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ಬೆಲೆ ಏರುತ್ತಾ ಹೋಯಿತು. 2003ರ ಹೊತ್ತಿಗೆ ಇಲ್ಲಿ ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರ ದಾಟಿತ್ತು. ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸಿ, ಬೆಳಗ್ಗೆ ಎದ್ದು ಒಂದೊಂದೇ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುತ್ತಿದ್ದೆವು. ಹೂವು ಅರಳಿರುವುದು ಕೆಲವೇ ಗಂಟೆ, ಮಧ್ಯಾಹ್ನವಾದರೆ ಕೆಲಸ ಕೆಟ್ಟಂತೆ. ರಾತ್ರಿ ಕೋಡು ಕದಿಯುತ್ತಾರೆಂದು ತೋಟದಲ್ಲಿ ಟಾರ್ಚ್ ಹಿಡಿದು ಕಾವಲು ಕಾಯುತ್ತಿದ್ದೆವು. ಮಡಗಾಸ್ಕರ್ ಚೇತರಿಸಿಕೊಂಡಿತು, ಬೇರೆ ದೇಶದವರೂ ನೆಟ್ಟಿದ್ದರು, ಹೊರಗಿನ ಖರೀದಿದಾರರು ಕೃತಕ ವೆನಿಲಿನ್ ಕಡೆಗೆ ಹೋಗಿದ್ದರು. ಎರಡೇ ವರ್ಷದಲ್ಲಿ ಬೆಲೆ ನೆಲ ಕಚ್ಚಿತು. ಆಮೇಲೆ ರೋಗವೂ ಬಂದು ಬಳ್ಳಿ ಕೊಳೆಯಿತು.

ಸಂಸ್ಕರಣೆ ಮಾಡುವವರ ಕಥೆ ಇನ್ನೂ ಕಷ್ಟದ್ದು. ಕೋಡನ್ನು ಬಿಸಿನೀರಿನಲ್ಲಿ ಅದ್ದಿ, ಬೆವರಿಸಿ, ಒಣಗಿಸಿ, ಪೆಟ್ಟಿಗೆಯಲ್ಲಿ ಪಕ್ವವಾಗಲು ಇಟ್ಟು ಮಾರಾಟಕ್ಕೆ ತರಲು ತಿಂಗಳುಗಟ್ಟಲೆ ಬೇಕು. ಒಂದು ಕಿಲೋ ಸಂಸ್ಕರಿಸಿದ ಮಾಲಿಗೆ ಐದಾರು ಕಿಲೋ ಹಸಿ ಕೋಡು ಹೋಗುತ್ತದೆ. ಅಂದರೆ ಏರಿದ ಬೆಲೆಯಲ್ಲಿ ಕೋಡು ಕೊಂಡವನು ಇಳಿದ ಬೆಲೆಯಲ್ಲಿ ಮಾರಬೇಕಾಯಿತು. ಇವರ ಕಂಪನಿ ಸತ್ತದ್ದು ಹೀಗೆಯೇ ಇರಬೇಕು.

ನನ್ನ ಅಭಿಪ್ರಾಯ ಇಷ್ಟು: ಇದನ್ನು ಬಿಟ್ಟರೆ ಅತ್ಯಂತ ಉಪಯೋಗದ ಪಾಠವನ್ನೇ ಬಿಟ್ಟಂತೆ. ಹಲಸಿಗೂ ನಾಳೆ ಇದೇ ಗತಿ ಬರಬಹುದೇ ಎಂದು ಕೇಳಲು ನಾನು ಆ ಸಭೆಗೆ ಬರುತ್ತೇನೆ.

ಕುಂಬಳೆಯ ನಿವೃತ್ತ ಶಿಕ್ಷಕ

ಕೃಷಿಕ ಅಣ್ಣನ ಮಾತು ಓದಿ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು. ಆದರೂ ಆ ಪಾಠವನ್ನು ಅತಿಥಿ ಹೇಳಲಿ, ಪರಿಚಯಿಸುವವನಲ್ಲ.

ನೀರ್ಚಾಲಿನ ಅಕ್ಕ

ಅದನ್ನೇ ನಾನು ಹೇಳಲು ಹೊರಟದ್ದು ಮಾಸ್ಟರೇ. ಪರಿಚಯದಲ್ಲಿ ಒಂದು ವಾಕ್ಯ ಸಾಕು, ಬಾಗಿಲು ತೆರೆದಿಟ್ಟಷ್ಟು. ಒಳಗೆ ಹೋಗುವವರು ಅವರೇ. ಕಾರಣ, ಬೆಲೆ, ತಪ್ಪು ಯಾರದ್ದು ಎಂಬುದೆಲ್ಲ ಅತಿಥಿಯ ಮಾತು. ಪರಿಚಯಿಸುವವನು ಕಾರಣ ವಿವರಿಸಲು ಹೊರಟರೆ ಒಂದೋ ವಕೀಲನಾಗುತ್ತಾನೆ, ಇಲ್ಲವೇ ನ್ಯಾಯಾಧೀಶನಾಗುತ್ತಾನೆ.

ಆದರೆ ಆ ಒಂದು ವಾಕ್ಯವನ್ನು ಅವರಿಗೆ ಮೊದಲೇ ಓದಿ ಹೇಳಬೇಕು, ಇದು ಮುಖ್ಯ. ವೇದಿಕೆಯಲ್ಲಿ ಮೊದಲ ಬಾರಿಗೆ ಕೇಳಿಸಿದರೆ ಅದು ಹೊಂಚು ಹಾಕಿದಂತೆ. ಫೋನ್ ಮಾಡುವಾಗ "ವೆನಿಲಾ ವಿಷಯ ಹೇಳಬಹುದೇ?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ "ಬೇಡ" ಎಂದೇ ಹೇಳುತ್ತಾರೆ. "ಸಭೆಯಲ್ಲಿ ಪಾಲು ಕೊಟ್ಟವರು ಹತ್ತು ಜನ ಇರುತ್ತಾರೆ, ಅದನ್ನು ನೀವೇ ಮಾತಿನ ಮೊದಲಿಗೆ ತರುತ್ತೀರೋ, ನಾನು ಒಂದು ವಾಕ್ಯ ಹೇಳಲೋ?" ಎಂದು ಕೇಳಿ. ಯಾರು ಕೂತಿರುತ್ತಾರೆಂದು ತಿಳಿಯುವುದು ಅವರ ಹಕ್ಕು.

ಪಡ್ರೆಯಿಂದ

ಇಲ್ಲಿ ಎಲ್ಲರೂ ಹಣದ ನಷ್ಟದ ಬಗ್ಗೆ ಹೇಳುತ್ತಿದ್ದೀರಿ. ನನ್ನ ಅನುಭವ ಬೇರೆ.

ನಮ್ಮ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದುದು 2000ದವರೆಗೂ ನಡೆಯಿತು. ಅದಾಗಿ ಹಲವು ವರ್ಷಗಳ ಬಳಿಕ ಒಂದು ಕಾರ್ಯಕ್ರಮಕ್ಕೆ ಮಣ್ಣಿನ ಆರೋಗ್ಯದ ಬಗ್ಗೆ ಮಾತನಾಡಲು ಒಬ್ಬ ನಿವೃತ್ತ ಅಧಿಕಾರಿ ಬಂದಿದ್ದರು. ಆ ಸಿಂಪಡಣೆಯ ಕಾಲದಲ್ಲಿ ಅವರು ಅದಕ್ಕೆ ಸಂಬಂಧಪಟ್ಟ ಕೆಲಸದಲ್ಲಿದ್ದವರು. ಪರಿಚಯ ಮಾಡಿದವರು ಅವರ ಪದವಿ, ಪ್ರಶಸ್ತಿ, ವಿದೇಶ ಪ್ರವಾಸ ಎಲ್ಲ ಹೇಳಿ ಆ ವರ್ಷಗಳನ್ನು ಬಿಟ್ಟರು. ಎರಡನೆಯ ಸಾಲಿನಲ್ಲಿ ಮಗನನ್ನು ಮಡಿಲಲ್ಲಿಟ್ಟುಕೊಂಡ ತಾಯಿ ಇದ್ದಳು. ಹುಡುಗನಿಗೆ ಹದಿನಾರು ವರ್ಷ, ಕೂರಲು ಬರುತ್ತಿರಲಿಲ್ಲ. ಅವಳು ಏನೂ ಹೇಳಲಿಲ್ಲ, ಎದ್ದು ಹೋದಳು. ಅವಳ ಹಿಂದೆ ಅರ್ಧ ಸಭೆ ಹೋಯಿತು.

ಆ ಪರಿಚಯದಲ್ಲಿ ಆ ವರ್ಷಗಳನ್ನು ಹೇಳಿದ್ದರೆ ಸರಿಯಾಗುತ್ತಿತ್ತೇ? ನನಗೆ ಹಾಗೆ ಅನ್ನಿಸುವುದಿಲ್ಲ. ಹೇಳಿದ್ದರೂ ಅವಳು ಹೋಗುತ್ತಿದ್ದಳು. ಮಂಜೇಶ್ವರದ ತಮ್ಮ ಕೇಳಿದ ಪ್ರಶ್ನೆಯನ್ನು ನೀವೆಲ್ಲ ಬದಿಗೆ ಸರಿಸಿದಿರಿ. ಇಂತಹ ಸಂದರ್ಭದಲ್ಲಿ ಅದೇ ಸರಿಯಾದ ಪ್ರಶ್ನೆ. ಕರೆಯುವಾಗ ಯೋಚಿಸದೆ ಹೋದದ್ದನ್ನು ಪರಿಚಯದ ಎರಡು ನಿಮಿಷ ತುಂಬಿಕೊಡುವುದಿಲ್ಲ.

ನೀರ್ಚಾಲಿನ ಅಕ್ಕ

ಒಪ್ಪಿದೆ. ಇದಕ್ಕೆ ನನ್ನ ಬಳಿ ಉತ್ತರವಿಲ್ಲ.

ಕಾಸರಗೋಡಿನ ವಕೀಲ

ಸಹಕಾರಿ ಸಂಘದ ದೂರಿನ ಬಗ್ಗೆ ಯಾರೂ ಹೇಳಲಿಲ್ಲ. ಸತ್ಯವನ್ನು ಹೇಳಿದರೆ ಮಾನನಷ್ಟವಾಗುವುದಿಲ್ಲ, ಆದ್ದರಿಂದ ಹೇಳಬಹುದು ಎಂದು ಹಲವರು ಭಾವಿಸುತ್ತಾರೆ. ಅದು ಅರ್ಧ ಸತ್ಯ. ಕ್ರಿಮಿನಲ್ ಮಾನನಷ್ಟದ ಕಾನೂನು ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿದೆ. 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಸತ್ಯ ಮಾತ್ರ ಸಾಲದು, ಆ ಮಾತನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಎಂಬುದೂ ಇರಬೇಕು. ಹಲಸಿನ ಸಭೆಯಲ್ಲಿ ಮುಗಿದುಹೋದ ದೂರನ್ನು ಎತ್ತುವುದರಲ್ಲಿ ಯಾವ ಸಾರ್ವಜನಿಕ ಹಿತ ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಪೆರ್ಲದ ಓದುಗ

ವಕೀಲರೇ, "ದೂರು ಬಂದಿತ್ತು, ಆದರೆ ನಿರ್ದೋಷಿ ಎಂದು ತೀರ್ಮಾನವಾಯಿತು" ಎಂದು ಹೇಳಿದರೆ? ಅವರ ಪರವಾಗಿಯೇ ಆಗುತ್ತದಲ್ಲ?

ಕಾಸರಗೋಡಿನ ವಕೀಲ

ಬೇಡ. ಸಭೆಯಲ್ಲಿ ಅರ್ಧ ಜನರಿಗೆ ಆ ದೂರು ಇತ್ತೆಂದೇ ಗೊತ್ತಿರುವುದಿಲ್ಲ. ನಿಮ್ಮ ವಾಕ್ಯದಲ್ಲಿ ಅವರಿಗೆ ನೆನಪಿನಲ್ಲಿ ಉಳಿಯುವುದು ಮೊದಲ ಅರ್ಧ. ಜೊತೆಗೆ ವಿಚಾರಣೆಯಲ್ಲಿ ಏನೂ ಸಿಗದಿರುವುದಕ್ಕೂ ನ್ಯಾಯಾಲಯ ನಿರ್ದೋಷಿ ಎನ್ನುವುದಕ್ಕೂ ವ್ಯತ್ಯಾಸವಿದೆ. ಇಲಾಖೆಯ ವಿಚಾರಣೆ ಮುಗಿದದ್ದನ್ನು "ನಿರ್ದೋಷಿ" ಎಂದರೆ ನೀವು ಇನ್ನೊಂದು ತಪ್ಪು ಮಾಡಿದಂತೆ. ಪ್ರಕರಣ ಇನ್ನೂ ನಡೆಯುತ್ತಿದ್ದರಂತೂ ಒಂದು ಪದವನ್ನೂ ಆಡಬಾರದು.

ಬದಿಯಡ್ಕದ ಕೃಷಿಕ

ಹಾಗಾದರೆ ಸೋತ ಕಂಪನಿಯನ್ನು ಹೇಳಬೇಕು, ತಪ್ಪೇ ಸಾಬೀತಾಗದ ದೂರನ್ನು ಬಿಡಬೇಕು. ಸರಿಯೇ. ಆದರೆ ಸಂಘದ ಸದಸ್ಯರು ಯಾರಾದರೂ ಸಭೆಯಲ್ಲಿದ್ದರೆ?

ಕಾಸರಗೋಡಿನ ವಕೀಲ

ಅವರು ಪ್ರಶ್ನೋತ್ತರದಲ್ಲಿ ಕೇಳಲಿ. ಅದಕ್ಕೆ ಉತ್ತರಿಸುವುದು ಅತಿಥಿಗೆ ಬಿಟ್ಟದ್ದು.

ಉಪ್ಪಳದ ಭಾಷಾಂತರಕಾರ

ಸಭೆಯಲ್ಲಿ ಮಲಯಾಳ ಮಾತ್ರ ಬಲ್ಲವರೂ ಇರುತ್ತಾರೆಯೇ? ಇದ್ದರೆ ಪರಿಚಯವನ್ನು ಮಲಯಾಳದಲ್ಲಿ ಹೇಳುವವರಿಗೆ ಆ ವಾಕ್ಯವನ್ನು ಮೊದಲೇ ಬರೆದುಕೊಡಿ. ಒಂದು ಸಭೆಯಲ್ಲಿ ಕನ್ನಡದಲ್ಲಿ "ಆ ಸಂಸ್ಥೆ ಮುಂದುವರಿಯಲಿಲ್ಲ" ಎಂದಿದ್ದರು. ಮಲಯಾಳದಲ್ಲಿ ಹೇಳಿದವರು ಬಾಯಿಗೆ ಬಂದಂತೆ "ಪೊಳಿಞ್ಞು" ಎಂದರು. ಕನ್ನಡದಲ್ಲಿ ಮೆಲ್ಲನೆ ನಿಂತುಹೋದದ್ದು ಮಲಯಾಳದಲ್ಲಿ ಕುಸಿದು ಬಿದ್ದಂತಾಯಿತು. ಮುಂದಿನ ಸಾಲಿನಲ್ಲಿದ್ದ ಅತಿಥಿಗೆ ಎರಡೂ ಭಾಷೆ ಗೊತ್ತಿತ್ತು. ಅವರ ಮುಖ ನೋಡಲಾಗಲಿಲ್ಲ. "ನಿರ್ತ್ತಿ" ಎಂದಿದ್ದರೆ ಸಾಕಿತ್ತು.

ಮಂಜೇಶ್ವರದ ಯುವಕ

ಇದು ನಿಜ. ನಮ್ಮ ಸಭೆಗಳಲ್ಲಿ ಎರಡು ಭಾಷೆಯಲ್ಲಿ ಎರಡು ಬೇರೆ ಬೇರೆ ಪರಿಚಯಗಳೇ ನಡೆಯುತ್ತವೆ. ಸ್ವಾಗತ, ಪ್ರಸ್ತಾವನೆ, ಪರಿಚಯ, ಅಧ್ಯಕ್ಷರ ಮಾತು ಎಲ್ಲ ಮುಗಿಯುವ ಹೊತ್ತಿಗೆ ಅತಿಥಿಗೆ ಹದಿನೈದು ನಿಮಿಷ ಉಳಿಯುವುದೂ ಉಂಟು. ಇದರ ಬಗ್ಗೆಯೂ ಒಂದು ಚರ್ಚೆ ಬೇಕು.

ಕುಂಬಳೆಯ ನಿವೃತ್ತ ಶಿಕ್ಷಕ

ಖಂಡಿತ ಬೇಕು. ಸನ್ಮಾನದ ಶಾಲು, ಹಾರ, ಫಲಪುಷ್ಪದ ಬಗ್ಗೆಯೂ. ನಾನು ನೋಡಿದ ಒಂದು ವಾರ್ಷಿಕೋತ್ಸವದಲ್ಲಿ ಅತಿಥಿ ಮಾತನಾಡಲು ಎದ್ದಾಗ ರಾತ್ರಿ ಹತ್ತೂವರೆ. ಮಕ್ಕಳು ನಿದ್ದೆ ಹೋಗಿದ್ದವು.

ಪೆರ್ಲದ ಓದುಗ

ನಿನ್ನೆ ಅತಿಥಿಗೆ ಫೋನ್ ಮಾಡಿದೆ. ಅಕ್ಕ ಹೇಳಿದಂತೆಯೇ ಕೇಳಿದೆ. ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ "ನಿನ್ನ ದೊಡ್ಡಪ್ಪ ಬರುತ್ತಾರೆಯೇ?" ಎಂದು ಕೇಳಿದರು. ಬರುತ್ತಾರೆ ಎಂದೆ. "ಯಶಸ್ವಿ" ಎಂಬ ಸಾಲನ್ನು ತಾವು ಬರೆದದ್ದಲ್ಲ, ಹಿಂದೆ ಯಾವುದೋ ಪುಸ್ತಿಕೆಗಾಗಿ ಯಾರೋ ಬರೆದದ್ದು, ಅದನ್ನೇ ಎಲ್ಲರಿಗೂ ಕಳುಹಿಸುತ್ತಾ ಬಂದೆ ಎಂದರು. ಒಂದು ವಾಕ್ಯ ನೀನೇ ಹೇಳು, ಉಳಿದದ್ದನ್ನು ನಾನು ಹೇಳುತ್ತೇನೆ ಎಂದರು. ದೂರಿನ ವಿಷಯವನ್ನು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಬರೆದದ್ದನ್ನು ಇಲ್ಲಿ ಹಾಕುತ್ತಿದ್ದೇನೆ, ತಿದ್ದಿ:

"ಇಂದಿನ ಅತಿಥಿ ನಮ್ಮ ಊರಿನವರು. ಹತ್ತು ವರ್ಷಗಳಿಂದ ಹಲಸಿನ ತೊಳೆಯನ್ನು ಒಣಗಿಸಿ, ಹಪ್ಪಳ ಮತ್ತು ಚಿಪ್ಸ್ ಮಾಡಿ ಮಾರುತ್ತಿದ್ದಾರೆ. ಸುತ್ತಲಿನ ತೋಟಗಳಲ್ಲಿ ಬಿದ್ದು ಕೊಳೆಯುತ್ತಿದ್ದ ಹಣ್ಣಿಗೆ ಇವರಿಂದ ಬೆಲೆ ಬಂದಿದೆ. ಇದಕ್ಕೂ ಮೊದಲು, 2003ರಲ್ಲಿ, ಇಲ್ಲಿನ ಕೃಷಿಕರ ಜೊತೆ ಸೇರಿ ದುರದೃಷ್ಟವಶಾತ್ ಯಶಸ್ಸು ಕಾಣದ ವೆನಿಲಾ ಸಂಸ್ಕರಣೆಯ ಕಂಪನಿಯನ್ನು ಕಟ್ಟಿದ್ದರು. ಅದು 2006ರಲ್ಲಿ ನಿಂತಿತು. ಆ ಅನುಭವದಿಂದ ಹಲಸಿನ ಕೆಲಸಕ್ಕೆ ಏನು ತಂದರು ಎಂಬುದನ್ನು ಅವರಿಂದಲೇ ಕೇಳೋಣ."

ನೀರ್ಚಾಲಿನ ಅಕ್ಕ

"ದುರದೃಷ್ಟವಶಾತ್ ಯಶಸ್ಸು ಕಾಣದ" ಎಂಬುದನ್ನು ತೆಗೆಯಿರಿ. ದುರದೃಷ್ಟವೋ ತಪ್ಪು ಲೆಕ್ಕವೋ ಎಂಬುದು ನಿಮ್ಮ ತೀರ್ಮಾನವಲ್ಲ, ಪಾಲು ಕೊಟ್ಟವರು ಅದನ್ನು ಒಪ್ಪದಿರಬಹುದು. "2003ರಲ್ಲಿ ಕಟ್ಟಿದ್ದರು, ಅದು 2006ರಲ್ಲಿ ನಿಂತಿತು" ಎಂದಷ್ಟೇ ಇರಲಿ. ಎರಡು ಇಸವಿ, ಎರಡು ಕ್ರಿಯಾಪದ. "ಕೃಷಿಕರ ಜೊತೆ ಸೇರಿ" ಎಂಬುದೂ ಸಾಲದು. "ಇಲ್ಲಿನ ನಲವತ್ತು ಕೃಷಿಕರ ಪಾಲಿನೊಂದಿಗೆ" ಎನ್ನಿ. ಪಾಲು ಕೊಟ್ಟವರು ಕೇಳಬಯಸುವ ಪದ ಅದೊಂದೇ. ಅದನ್ನು ಬಿಟ್ಟರೆ ಉಳಿದದ್ದೆಲ್ಲ ಹೇಳಿದರೂ ಬಿಟ್ಟಂತೆಯೇ.

ಇನ್ನೊಂದು, ಗಟ್ಟಿಯಾಗಿ ಓದಿ ನೋಡಿ. ಆ ವಾಕ್ಯ ಬಂದಾಗ ಸ್ವರ ಇಳಿಯಬಾರದು. ಸ್ವರ ಇಳಿದರೆ ಸಭೆ ಅದನ್ನು ಸಾವಿನ ಸುದ್ದಿಯಂತೆ ಕೇಳುತ್ತದೆ.

ಬದಿಯಡ್ಕದ ಕೃಷಿಕ

"ಪಾಲು" ಸೇರಿಸಿದ್ದು ಸರಿ. ಹಣ ಮರಳಲಿಲ್ಲ ಎಂಬುದನ್ನೂ ಸೇರಿಸಬೇಕು ಎಂದು ನನ್ನ ವಾದ.

ಕುಂಬಳೆಯ ನಿವೃತ್ತ ಶಿಕ್ಷಕ

ಅದು ಮಾತ್ರ ಹೆಚ್ಚಾಯಿತು ಅಣ್ಣ. ಅತಿಥಿಯ ಎದುರೇ ಸಾಲದ ಲೆಕ್ಕ ಓದಿದಂತೆ ಆಗುತ್ತದೆ.

ಬದಿಯಡ್ಕದ ಕೃಷಿಕ

ಅದು ಸಾಲವಲ್ಲ ಮಾಸ್ಟರೇ, ಪಾಲು. ಪಾಲು ಮುಳುಗುವುದು ವ್ಯಾಪಾರದಲ್ಲಿ ಉಂಟು, ಅದರಲ್ಲಿ ಮಾನ ಹೋಗುವುದಿಲ್ಲ. ಹೇಳದೆ ಇದ್ದಾಗಲೇ ಅದು ಸಾಲದಂತೆ ಕಾಣುವುದು.

ಪೆರ್ಲದ ಓದುಗ

ನಿನ್ನೆ ಕಾರ್ಯಕ್ರಮ ಮುಗಿಯಿತು. ಅಕ್ಕನ ತಿದ್ದುಪಡಿಯಂತೆಯೇ ಓದಿದೆ. ಹಣದ ವಿಷಯ ಹೇಳಲಿಲ್ಲ, ಕೃಷಿಕ ಅಣ್ಣ ಕ್ಷಮಿಸಬೇಕು. ಆ ವಾಕ್ಯಕ್ಕೆ ಬಂದಾಗ ನನ್ನ ಕೈ ನಡುಗಿತು, ಸ್ವರ ಇಳಿಯಿತೋ ಏನೋ ನನಗೆ ತಿಳಿಯಲಿಲ್ಲ.

ಅತಿಥಿ ಎದ್ದವರೇ ಮೊದಲ ಹತ್ತು ನಿಮಿಷ ವೆನಿಲಾದ ಬಗ್ಗೆಯೇ ಮಾತನಾಡಿದರು. ಏರಿದ ಬೆಲೆಯಲ್ಲಿ ಒಂದೇ ಸಲಕ್ಕೆ ಕೋಡು ಕೊಂಡು ದಾಸ್ತಾನು ಮಾಡಿದ್ದು ತಮ್ಮ ತಪ್ಪು ಎಂದು ಹೇಳಿದರು. ಈಗ ಹಲಸನ್ನು ಆರ್ಡರ್ ಬಂದಷ್ಟೇ ಕೊಳ್ಳುತ್ತಾರಂತೆ, ಯಾರಿಂದಲೂ ಪಾಲು ಪಡೆದಿಲ್ಲವಂತೆ. ಹಣ ಮರಳದ ವಿಷಯವನ್ನೂ ಅವರೇ ಹೇಳಿದರು, ಅದೂ ಮೊತ್ತದ ಸಮೇತ.

ಪ್ರಶ್ನೋತ್ತರದಲ್ಲಿ ದೊಡ್ಡಪ್ಪ ಎದ್ದು ನಿಂತರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ತೊಳೆ ಒಣಗಿಸುವ ಯಂತ್ರಕ್ಕೆ ಸೌದೆಯೋ ವಿದ್ಯುತ್ತೋ ಎಂದು ಕೇಳಿ ಕುಳಿತರು.

ಇನ್ನೊಬ್ಬ ಪಾಲುದಾರರು ಮಾತ್ರ ಊಟಕ್ಕೂ ನಿಲ್ಲದೆ ಹೊರಟುಹೋದರು. ಅವರಿಗೆ ನನ್ನ ವಾಕ್ಯ ಹಿಡಿಸಲಿಲ್ಲವೋ, ಅತಿಥಿಯ ಮಾತು ಹಿಡಿಸಲಿಲ್ಲವೋ ನನಗೆ ಗೊತ್ತಾಗಲಿಲ್ಲ.

ಬದಿಯಡ್ಕದ ಕೃಷಿಕ

ನಾನೂ ಅಲ್ಲಿದ್ದೆ. ನಿಮ್ಮ ಸ್ವರ ಇಳಿಯಲಿಲ್ಲ. ಹೊರಟುಹೋದವರು ನನಗೆ ಪರಿಚಯದವರೇ, ಅವರ ಮನೆಯಲ್ಲಿ ಹುಷಾರಿಲ್ಲ ಎಂದು ಕೇಳಿದ್ದೆ. ಈ ವಾರ ಹೋಗಿ ಮಾತನಾಡಿಸಿ ಬರುತ್ತೇನೆ.